ಮಾರ್ಚ್ 30ರಂದು ಸಹಿ ಹಾಕಿದ ಒಂದು ಪತ್ರ, ಆಮೇಲೆ ನಮಗಾದ ಪಜೀತಿ

ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ನಾನು ಖರೀದಿ ಮತ್ತು ಬಿಲ್ಲಿನ ಕೆಲಸ ನೋಡಿಕೊಳ್ಳುತ್ತೇನೆ. ಹೊಸ ಶೆಡ್ಡಿಗೆ 5 ಟನ್ನಿನ ಇಒಟಿ ಕ್ರೇನ್, ಅಂದರೆ ಮೇಲೆ ಹಳಿಗಳ ಮೇಲೆ ಕರೆಂಟಿನಿಂದ ಓಡುವ ಕ್ರೇನ್ ಹಾಕಿಸಿದ್ದೆವು. ಕ್ರೇನ್ ಈಗ ಚೆನ್ನಾಗಿಯೇ ಓಡುತ್ತಿದೆ. ಕೆಟ್ಟದ್ದು ಆರ್ಡರ್ ಮುಚ್ಚಿದ ರೀತಿ. ಕ್ರೇನ್ ಕೊಟ್ಟ ಪಾರ್ಟಿಯ ಹೆಸರು ಹೇಳಲ್ಲ. ತಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮದೇ, ಅದರಲ್ಲೂ ನನ್ನದೇ.

ಆರ್ಡರ್ ಹೀಗಿತ್ತು, ಜಿಎಸ್‌ಟಿ ಬಿಟ್ಟು ಹೇಳುತ್ತೇನೆ. ಒಟ್ಟು 14 ಲಕ್ಷ. ಮುಂಗಡ 4,20,000. ಮಾಲು ಬಂದಾಗ 7 ಲಕ್ಷ. ಕ್ರೇನ್ ಓಡಿಸಿ, ಲೋಡ್ ಟೆಸ್ಟ್ ಮಾಡಿ ತೋರಿಸಿದ ಮೇಲೆ 1,40,000. ಕೊನೆಯ 1,40,000 ರಿಟೆನ್ಷನ್, ಅಂದರೆ ನಾವು ತಡೆಹಿಡಿಯುವ ದುಡ್ಡು. ವಾರಂಟಿ ಒಂದು ವರ್ಷ ಮುಗಿದ ಮೇಲೆ, ಇಲ್ಲವೇ ಅಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿ ಕೊಟ್ಟರೆ ಮೊದಲೇ. ತಡ ಮಾಡಿದರೆ ವಾರಕ್ಕೆ ಅರ್ಧ ಪರ್ಸೆಂಟ್ ಕಡಿತ. ಕಾಗದದ ಮೇಲೆ ಯಾವ ಕೊರತೆಯೂ ಇರಲಿಲ್ಲ.

ಕ್ರೇನ್ 2022ರ ಡಿಸೆಂಬರ್ 15ಕ್ಕೆ ರೆಡಿ ಆಗಬೇಕಿತ್ತು. ಆಗಿದ್ದು 2023ರ ಜನವರಿ 20ಕ್ಕೆ. ಅಂದರೆ ಪೂರ್ತಿ ಐದು ವಾರ ತಡ, ಎರಡೂವರೆ ಪರ್ಸೆಂಟ್, 35,000 ರೂಪಾಯಿ. ಕ್ರೇನಿನ ಅಡ್ಡ ತೊಲೆ, ಅಂದರೆ ಗರ್ಡರ್ ಮೇಲೆತ್ತಲು ಅವರು ತರಬೇಕಿದ್ದ ಹೈಡ್ರಾ ಅನ್ನುವ ಚಕ್ರದ ಕ್ರೇನ್ ಬರಲಿಲ್ಲ, ನಾವೇ ಬಾಡಿಗೆಗೆ ತರಿಸಿದೆವು. ಅದು 18,000. ಎರಡೂ ಸೇರಿ 53,000 ಅವರ ಬಿಲ್ಲಿನಲ್ಲಿ ಕಡಿಯಬೇಕು ಅಂತ ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೆ. ಡೈರಿಯಲ್ಲಿ ಮಾತ್ರ. ಅವರಿಗೆ ಒಂದು ಮೇಲ್ ಕೂಡ ಹಾಕಿರಲಿಲ್ಲ.

ಮಾರ್ಚ್ 30ರ ಮಧ್ಯಾಹ್ನ ಅವರ ಮನುಷ್ಯ ಒಂದು ಕುಂದಾ ಡಬ್ಬಿ ಹಿಡಿದು ಬಂದ. ಬೆಳಗಾವಿಯವರಿಗೇ ಕುಂದಾ ತಂದ ಧೈರ್ಯ ನೋಡಿ! ಜೊತೆಗೆ ಒಂದು ಪತ್ರ, ಅವರೇ ಟೈಪ್ ಮಾಡಿಕೊಂಡು ಬಂದದ್ದು. "ಸರ್, ಮಾರ್ಚ್ ಎಂಡ್ ಐತ್ರಿ. ನಿಮ್ಮ ಲೆಟರ್‌ಹೆಡ್ ಮ್ಯಾಲ ಇಷ್ಟು ಹೊಡೆದು ಕೊಟ್ಟುಬಿಡ್ರಿ, ನಮ್ಮ ಖಾತೆ ಕ್ಲಿಯರ್ ಆಗ್ತೈತಿ." ಪತ್ರದಲ್ಲಿ ಮೂರು ಸಾಲು. ಕ್ರೇನ್ ಪೂರ್ತಿಯಾಗಿ ಬಂದಿದೆ. ಕೆಲಸ ತೃಪ್ತಿಕರವಾಗಿ ಮುಗಿದಿದೆ. ಈ ಆರ್ಡರಿನಲ್ಲಿ ನಮ್ಮ ಕಡೆಯಿಂದ ಯಾವ ಕ್ಲೇಮೂ ಬಾಕಿ ಇಲ್ಲ.

ಮಾಲಕರು ಊರಿನಲ್ಲಿರಲಿಲ್ಲ. ಫೋನ್ ಮಾಡಿದೆ. "ಕ್ರೇನ್ ಓಡಾಕತ್ತೈತಿಲ್ಲ? ಕೊಟ್ಟು ಕಳಸ್ರಿ" ಅಂದರು. ನಾನೂ ವರ್ಷದ ಕೊನೆಯ ಗಡಿಬಿಡಿಯಲ್ಲಿದ್ದೆ. ಸಹಿ ಹಾಕಿ, ಸೀಲು ಹೊಡೆದು, ಉಳಿದ 2,80,000 ಪೂರ್ತಿ ಕಳಿಸಿಬಿಟ್ಟೆ. ರಿಟೆನ್ಷನ್ ಕೂಡ ಹೋಯಿತು. ಬ್ಯಾಂಕ್ ಗ್ಯಾರಂಟಿ ಕೇಳುವುದು ನೆನಪಿಗೇ ಬರಲಿಲ್ಲ.

ಆ ಮೂರು ಸಾಲಿನಲ್ಲಿ ಎರಡನೆಯದು ಸುಳ್ಳು, ಮೂರನೆಯದು ದುಬಾರಿ.

ಸುಳ್ಳು ಯಾಕೆ ಅಂದರೆ ಲೋಡ್ ಟೆಸ್ಟ್ ಆಗಿರಲೇ ಇಲ್ಲ. ಹೊಸ ಕ್ರೇನಿಗೆ ಅದರ ಪೂರ್ತಿ ಶಕ್ತಿಯ 125 ಪರ್ಸೆಂಟ್ ತೂಕ ಎತ್ತಿಸಿ ನೋಡಬೇಕು. 5 ಟನ್ನಿಗೆ ಅದು ಆರೂಕಾಲು ಟನ್. ನೆಲದಿಂದ ಸ್ವಲ್ಪವೇ ಮೇಲೆತ್ತಿ ಹಿಡಿದು ನಿಲ್ಲಿಸಬೇಕು. ಬ್ರೇಕ್ ಜಾರಬಾರದು, ತೂಕ ಇಳಿಸಿದ ಮೇಲೆ ಗರ್ಡರ್ ಬಾಗಿಕೊಂಡೇ ಉಳಿಯಬಾರದು. ಇನ್ನು 5 ಟನ್ ಎತ್ತಿದಾಗ ಗರ್ಡರಿನ ನಡುಭಾಗ ಎಷ್ಟು ಬಗ್ಗುತ್ತದೆ ಅಂತ ಅಳೆಯಬೇಕು. ನಮ್ಮ ಆರ್ಡರಿನಲ್ಲಿ ಸ್ಪ್ಯಾನಿನ, ಅಂದರೆ ಎರಡು ಕಡೆಯ ಹಳಿಗಳ ನಡುವಿನ ಅಂತರದ, 750ನೇ ಒಂದು ಭಾಗ ಅಂತಿತ್ತು. ನಮ್ಮ ಸ್ಪ್ಯಾನ್ 12 ಮೀಟರ್, ಅಂದರೆ 16 ಮಿಲಿಮೀಟರ್ ದಾಟಬಾರದು. ಜನವರಿ 20ರಂದು ಅವರು ಮಾಡಿದ್ದೇನು? ಶೆಡ್ಡಿನಲ್ಲಿ ಬಿದ್ದಿದ್ದ ಎರಡು ಕಾಸ್ಟಿಂಗ್ ಕಟ್ಟಿ ಎತ್ತಿ ತೋರಿಸಿದರು. ಎರಡೂ ಸೇರಿ 3 ಟನ್ ಆಗಬಹುದು. ಎಲ್ಲರೂ ಚಪ್ಪಾಳೆ ಹೊಡೆದೆವು, ತೆಂಗಿನಕಾಯಿ ಒಡೆದೆವು. ಅಳತೆ ಯಾರೂ ಹಿಡಿಯಲಿಲ್ಲ.

ಕಾಗದಗಳ ಕಥೆಯೂ ಅಷ್ಟೇ. ಆರ್ಡರಿನಲ್ಲಿ ಲೋಡ್ ಟೆಸ್ಟ್ ಸರ್ಟಿಫಿಕೇಟ್, ಹುಕ್ ಮತ್ತು ವೈರ್ ರೋಪಿನ ಸರ್ಟಿಫಿಕೇಟ್, ವೈರಿಂಗ್ ಡ್ರಾಯಿಂಗ್, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವಿನ ಸೆಟ್ಟಿಂಗ್ ಪಟ್ಟಿ ಅಂತ ಇತ್ತು. ಬಂದದ್ದು ಒಂದು ಚಂದದ ಫೈಲ್. ಒಳಗೆ ಮೋಟಾರಿನ ವಾರಂಟಿ ಕಾರ್ಡು, ಕಂಪನಿಯ ಬಣ್ಣದ ಪುಸ್ತಕ. ಫೈಲ್ ದಪ್ಪ ಇದ್ದದ್ದಕ್ಕೆ ನಾನು ಬಿಚ್ಚಿ ನೋಡಲಿಲ್ಲ.

ಜೂನ್‌ನಲ್ಲಿ 4 ಟನ್ನಿಗೂ ಮೇಲಿನ ಒಂದು ಕಾಸ್ಟಿಂಗ್ ಎತ್ತಿ ಬಟನ್ ಬಿಟ್ಟರೆ ಅದು ನಿಲ್ಲಲಿಲ್ಲ. ಒಂದು ಗೇಣು ಕೆಳಗೆ ಜಾರಿ ನಿಂತಿತು. ಕೆಳಗೆ ಯಾರೂ ಇರಲಿಲ್ಲ, ದೇವರು ದೊಡ್ಡವನು. ಪಾರ್ಟಿಗೆ ಫೋನ್ ಮಾಡಿದರೆ "ಬರ್ತೀವ್ರಿ, ಬರ್ತೀವ್ರಿ". ವಾರಂಟಿ ಇತ್ತು, ಆದರೆ ಅವರು ಬರಲು ಕಾರಣ ಇರಲಿಲ್ಲ, ದುಡ್ಡು ಪೂರ್ತಿ ಮುಟ್ಟಿತ್ತಲ್ಲ. ಎರಡು ವಾರ ಕಾದು ಇಲ್ಲಿಯ ಮಿಸ್ತ್ರಿಯನ್ನೇ ಕರೆಸಿದೆವು. ಅವನು ಮೊದಲು ಕೇಳಿದ್ದು ವೈರಿಂಗ್ ಡ್ರಾಯಿಂಗ್. ಇಲ್ಲ. ಡ್ರೈವಿನ ಪಾಸ್‌ವರ್ಡ್? ಅದೂ ಇಲ್ಲ. ಒಂದೊಂದೇ ವೈರ್ ಹಿಡಿದು ಹುಡುಕುವುದಕ್ಕೇ ಎರಡು ದಿನ ಹೋಯಿತು. ಬ್ರೇಕಿನ ಗ್ಯಾಪ್ ಜಾಸ್ತಿ ಇತ್ತು. ಡ್ರೈವಿನಲ್ಲಿ ಬ್ರೇಕ್ ಹಿಡಿಯುವ ಸಮಯವನ್ನೂ ತಡವಾಗಿ ಇಟ್ಟಿದ್ದರು. ಜನವರಿಯಲ್ಲಿ ಆರೂಕಾಲು ಟನ್ ಎತ್ತಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ರಿಪೇರಿ, ಬಾಡಿಗೆ ತೂಕದ ಕಲ್ಲು, ಟೆಸ್ಟ್ ಮಾಡುವ ಅಧಿಕೃತರ ಫೀ ಎಲ್ಲಾ ಸೇರಿ 43,500 ನಮ್ಮ ಕೈಯಿಂದ ಹೋಯಿತು. ಗರ್ಡರ್ ಮಾತ್ರ 13 ಮಿಲಿಮೀಟರ್ ಬಗ್ಗಿತು, ಅಲ್ಲಿ ಅವರು ಮೋಸ ಮಾಡಿರಲಿಲ್ಲ.

ಇನ್ನು ಮೂರನೆಯ ಸಾಲು. ಜುಲೈನಲ್ಲಿ ಅವರಿಂದ ಒಂದು ಮೇಲ್ ಬಂತು. ಕ್ರೇನಿಗೆ ಕರೆಂಟ್ ಕೊಡುವ ಬಸ್‌ಬಾರ್ ಆರ್ಡರಿಗಿಂತ 8 ಮೀಟರ್ ಜಾಸ್ತಿ ಹಾಕಿದ್ದೇವೆ, ಮೇಲೆ ಹತ್ತಲು ಏಣಿ ಮತ್ತು ಪ್ಲಾಟ್‌ಫಾರ್ಮ್ ಕೊಟ್ಟಿದ್ದೇವೆ, 48,000 ಕೊಡಿ. ಸಾಕ್ಷಿಗೆ ನಮ್ಮ ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್: "ಹಾಕ್ರಿ, ಆಮೇಲೆ ನೋಡೋಣ." ಕೆಳಗೆ ಇನ್ನೊಂದು ಸಾಲು: ನಾವು ಉದ್ಯಮ್ ನೋಂದಣಿ ಇರುವ ಸಣ್ಣ ಘಟಕ, ದುಡ್ಡು ಬರದಿದ್ದರೆ ಸಣ್ಣ ಘಟಕಗಳ ಬಾಕಿಯ ದೂರು ತೆಗೆದುಕೊಳ್ಳುವ ಸಮಾಧಾನ್ ಪೋರ್ಟಲಿಗೆ ಹೋಗುತ್ತೇವೆ.

ನಾನು ಧೈರ್ಯವಾಗಿ ನಮ್ಮ 53,000 ಲೆಕ್ಕ ಕಳಿಸಿದೆ. ಉತ್ತರವಾಗಿ ಬಂದದ್ದು ನನ್ನದೇ ಸಹಿ ಇದ್ದ ಪತ್ರದ ಫೋಟೋ. ನಿಮ್ಮ ಕಡೆಯಿಂದ ಏನೂ ಬಾಕಿ ಇಲ್ಲ ಅಂತ ನೀವೇ ಬರೆದಿದ್ದೀರಲ್ಲ? ಸರಿ, ಅವರ ಕಡೆಯಿಂದ ಬಾಕಿ ಇಲ್ಲ ಅಂತ ಎಲ್ಲಿದೆ? ಎಲ್ಲೂ ಇಲ್ಲ. ಪತ್ರ ಒಂದೇ ದಿಕ್ಕಿನದು. ನಾವು ಬಾಗಿಲು ಹಾಕಿಕೊಂಡೆವು, ಅವರದು ತೆರೆದೇ ಇತ್ತು.

ಇಲ್ಲಿ ಕಾನೂನಿನ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಮಾಲು ಬಂದ ಅಥವಾ ಕೆಲಸ ಆದ ದಿನದಿಂದ 15 ದಿನದೊಳಗೆ ತಕರಾರನ್ನು ಬರಹದಲ್ಲಿ ಹೇಳದಿದ್ದರೆ, ನೀವು ಅದನ್ನು ಆ ದಿನವೇ ಒಪ್ಪಿಕೊಂಡಂತೆ. ಬರೆದು ಹೇಳಿದರೆ, ಅವರು ಅದನ್ನು ಸರಿಪಡಿಸಿದ ದಿನದಿಂದ ಲೆಕ್ಕ. ಒಪ್ಪಂದ ಏನೇ ಹೇಳಲಿ, ಸಣ್ಣ ಘಟಕಕ್ಕೆ ದುಡ್ಡು ಕೊಡಲು 45 ದಿನಕ್ಕಿಂತ ಜಾಸ್ತಿ ಗಡುವು ಇಲ್ಲ. ದಾಟಿದರೆ ಬಡ್ಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಅಂದರೆ ಕಡಿತ, ತಕರಾರು ಏನಿದ್ದರೂ ಡೈರಿಯಲ್ಲಿ ಇಟ್ಟುಕೊಂಡರೆ ಸತ್ತ ಹಾಗೆ. ಜನವರಿ 20ಕ್ಕೆ ಕ್ರೇನ್ ಓಡಿತಲ್ಲ, ಫೆಬ್ರವರಿ 4ರೊಳಗೆ "ಲೋಡ್ ಟೆಸ್ಟ್ ಆಗಿಲ್ಲ, ಈ ನಾಲ್ಕು ಕಾಗದ ಬಂದಿಲ್ಲ, ತಡಕ್ಕೆ 35,000, ಹೈಡ್ರಾಕ್ಕೆ 18,000" ಅಂತ ಒಂದು ಮೇಲ್ ಹಾಕಿದ್ದರೆ ಸಾಕಿತ್ತು.

ಆಗ ಕೊನೆಯ ಲೆಕ್ಕ ಹೀಗೆ ಆಗುತ್ತಿತ್ತು. 14 ಲಕ್ಷಕ್ಕೆ ಅವರ ಹೆಚ್ಚುವರಿ 48,000 ಕೂಡಿಸಿ, ನಮ್ಮ 53,000 ಕಳೆದರೆ 13,95,000. ಅಲ್ಲಿಯವರೆಗೆ ಕೊಟ್ಟಿದ್ದು 11,20,000. ಉಳಿದದ್ದು 2,75,000. ಅದರಲ್ಲಿ 1,40,000ಕ್ಕೆ ಬ್ಯಾಂಕ್ ಗ್ಯಾರಂಟಿ ಇಸಿದುಕೊಂಡು, ಟೆಸ್ಟ್ ಮುಗಿದ ದಿನ ಪೂರ್ತಿ ಕೊಟ್ಟಿದ್ದರೆ ಇಬ್ಬರೂ ಖುಷಿ. ನಾವು ಕೊಟ್ಟದ್ದು 2,80,000. ಸೆಪ್ಟೆಂಬರ್‌ನಲ್ಲಿ ಕೂತು ಮಾತಾಡಿ ಅವರ ಹೆಚ್ಚುವರಿಗೆ 40,000ಕ್ಕೆ ಒಪ್ಪಂದ ಮಾಡಿಕೊಂಡು ಅದನ್ನೂ ಕೊಟ್ಟೆವು. ವಕೀಲರು "ಬಸ್‌ಬಾರ್ ನೀವು ಬಳಸಾಕತ್ತೀರಿ, ಜಗಳ ಆಡಿ ಏನು ಸಿಗ್ತೈತಿ?" ಅಂದರು. ಅದು ನಿಜವೇ.

ಮಧ್ಯದಲ್ಲಿ ಇನ್ನೊಂದು ಆಗಿತ್ತು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಗೇಟಿನಲ್ಲಿ ಆರು ಜನ ನಿಂತಿದ್ದರು. ಕ್ರೇನ್ ಏರಿಸಿದ ಹುಡುಗರು. ಪಾರ್ಟಿ ಆ ಕೆಲಸವನ್ನು ಇಲ್ಲಿಯ ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿತ್ತು, ಅವನಿಗೆ 62,000 ಬಾಕಿ ಇಟ್ಟಿತ್ತು, ಅವನು ಇವರ ಕೂಲಿ ಇಟ್ಟುಕೊಂಡಿದ್ದ. "ಸಾಹೇಬ್ರ, ಕೆಲಸ ನಿಮ್ಮ ಶೆಡ್‌ನಾಗ ಮಾಡೀವ್ರಿ" ಅಂದ ಒಬ್ಬ. ಅವನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮೂರು ದಿನ ಫೋನ್ ಮಾಡಿ ಪಾರ್ಟಿಯಿಂದ ಸ್ವಲ್ಪ ಕೊಡಿಸಿದೆವು, ಹುಡುಗರ ಕೂಲಿಗೆ 20,000 ನಾವೇ ಹಾಕಿದೆವು. ಕೊನೆಯ ದುಡ್ಡು ಕೊಡುವ ಮೊದಲು "ನಮ್ಮ ಲೆಕ್ಕ ಮುಟ್ಟಿದೆ" ಅಂತ ಆ ಗುತ್ತಿಗೆದಾರನಿಂದ ಒಂದು ಸಾಲು ಬರೆಸಿಕೊಳ್ಳಬೇಕಿತ್ತು.

ಜಿಎಸ್‌ಟಿ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವರ ಎರಡು ಬಿಲ್ಲುಗಳಲ್ಲಿ ಕ್ರೇನ್ ಏರಿಸಿದ 2 ಲಕ್ಷದ ಬಿಲ್ಲು ನಮ್ಮ ಹೆಸರಿಗೆ ಬಂದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿಆರ್-2ಬಿಯಲ್ಲಿ ಬಂದಿರಲೇ ಇಲ್ಲ. ಬೇರೆ ಯಾರದೋ ಜಿಎಸ್‌ಟಿ ನಂಬರಿಗೆ ಹಾಕಿದ್ದರು. 36,000 ತೆರಿಗೆಯ ಕ್ರೆಡಿಟ್ ತಿಂಗಳುಗಟ್ಟಲೆ ನಿಂತಿತು. ಕೊನೆಯ ಚೆಕ್ ಬರೆಯುವ ಮೊದಲು 2ಬಿ ತೆಗೆದು ಎಲ್ಲಾ ಬಿಲ್ಲು ಇದೆಯಾ ನೋಡುವುದು ಐದು ನಿಮಿಷದ ಕೆಲಸ.

ಈಗ ನಾವು ಬಳಸುವ ಪತ್ರವನ್ನು ಕೆಳಗೆ ಹಾಕಿದ್ದೇನೆ. ಪಾರ್ಟಿ ಟೈಪ್ ಮಾಡಿ ತಂದದ್ದಕ್ಕೆ ಸಹಿ ಹಾಕುವುದು ಬಿಟ್ಟಿದ್ದೇವೆ. ಇದನ್ನೇ ಕೊಡುತ್ತೇವೆ, ಇಬ್ಬರೂ ಸಹಿ ಮಾಡಬೇಕು:

"ಈ ಆರ್ಡರಿನ ಮಾಲು, ಕೆಲಸ ಮತ್ತು ಕಾಗದಗಳು ಜೊತೆಗಿನ ಪಟ್ಟಿಯಂತೆ ಬಂದಿವೆ, ಪಟ್ಟಿಯಲ್ಲಿ ಬಾಕಿ ಎಂದು ಗುರುತಿಸಿದವು ಬಂದಿಲ್ಲ. ಕಡಿತ ಮತ್ತು ಹೆಚ್ಚುವರಿ ಎಲ್ಲಾ ಸೇರಿ ಅಂತಿಮ ಮೊತ್ತ ಇಷ್ಟು. ಇದು ಮುಟ್ಟಿದ ಮೇಲೆ ಇಬ್ಬರಲ್ಲಿ ಯಾರಿಗೂ ಇನ್ನೊಬ್ಬರ ಮೇಲೆ ಕ್ಲೇಮ್ ಇರುವುದಿಲ್ಲ. ವಾರಂಟಿ, ಆಮೇಲೆ ಕಾಣುವ ದೋಷ ಮತ್ತು ತೆರಿಗೆ ಇಲಾಖೆಯಿಂದ ಬರುವ ಬೇಡಿಕೆ ಇದರಲ್ಲಿ ಸೇರಿಲ್ಲ. ಕೆಳಗಿನ ಗುತ್ತಿಗೆದಾರರ ಮತ್ತು ಕೂಲಿಯವರ ಬಾಕಿ ಸರಬರಾಜುದಾರರದೇ."

ಸಹಿ ಮಾಡುವವರಿಗೆ ಆ ಅಧಿಕಾರ ಇದೆಯಾ ಅಂತಲೂ ಕೇಳಿಕೊಳ್ಳಿ. ಕಳೆದ ತಿಂಗಳು ಕಂಪ್ರೆಸರ್ ಪಾರ್ಟಿಯ ಸರ್ವಿಸ್ ಹುಡುಗ ಈ ಪತ್ರಕ್ಕೆ ಸಹಿ ಮಾಡಲು ಪೆನ್ನು ತೆಗೆದಿದ್ದ. ತಡೆದು, ಅವರ ಆಫೀಸಿಗೇ ಮೇಲ್ ಹಾಕಿದೆ.