ರೀಫಂಡನ್ನು ಆ್ಯಪ್‌ನ ವಾಲೆಟ್‌ಗೆ ಹಾಕಿಸಿಕೊಳ್ಳುವ ಮುನ್ನ ಇದನ್ನು ಓದಿ

ಆನ್‌ಲೈನ್‌ನಲ್ಲಿ ಸಾಮಾನು ತರಿಸಿಕೊಳ್ಳುವವರೆಲ್ಲರೂ ಎಚ್ಚರದಿಂದ ಇರಬೇಕಾದ ಒಂದು ಜಾಗವಿದೆ. ಅದು ದುಡ್ಡು ಕಟ್ಟುವ ಪುಟವಲ್ಲ, ಆರ್ಡರ್ ರದ್ದು ಮಾಡುವ ಪುಟ. ದುಡ್ಡು ಎಲ್ಲಿಗೆ ವಾಪಸ್ ಬರಬೇಕು ಎಂದು ಆ್ಯಪ್ ಕೇಳುವುದು ಅಲ್ಲೇ. ಅಲ್ಲಿ ಗಮನಿಸದೆ ಒತ್ತಿದ ಒಂದು ಗುಂಡಿಯಿಂದ, ಎಲ್ಲಿ ಬೇಕಾದರೂ ನಡೆಯುತ್ತಿದ್ದ ದುಡ್ಡು ಒಂದೇ ಅಂಗಡಿಯಲ್ಲಿ ಮಾತ್ರ ನಡೆಯುವ ದುಡ್ಡಾಗಿಬಿಡುತ್ತದೆ. ಒಬ್ಬ ಗ್ರಾಹಕಿಗೆ ಆದದ್ದನ್ನು ಲೆಕ್ಕದ ಸಮೇತ ಇಲ್ಲಿ ಬಿಡಿಸಿ ಹೇಳುತ್ತೇವೆ. ಮಾರಿದವರ ಹೆಸರು ಬೇಡ, ಇದೇ ವ್ಯವಸ್ಥೆ ಎಷ್ಟೋ ಆ್ಯಪ್‌ಗಳಲ್ಲಿದೆ.

ಆಕೆ ಡೆಬಿಟ್ ಕಾರ್ಡಿನಿಂದ 6,400 ಕೊಟ್ಟು ಒಂದು ಸೂಟ್‌ಕೇಸ್ ಆರ್ಡರ್ ಮಾಡಿದ್ದರು. ಅದು ಗೋದಾಮಿನಿಂದ ಹೊರಡುವ ಮೊದಲೇ ಬೇಡವೆನಿಸಿ ರದ್ದು ಮಾಡಿದರು. ಪರದೆಯ ಮೇಲೆ ಎರಡು ಆಯ್ಕೆ ಬಂದವು. ಮೇಲಿನದು ಆ ಬ್ರ್ಯಾಂಡಿನ ವಾಲೆಟ್: ದುಡ್ಡು ತಕ್ಷಣ ಬರುತ್ತದೆ, ಜೊತೆಗೆ 200 ಬೋನಸ್. ಅದರ ಪಕ್ಕದ ವೃತ್ತ ಆಗಲೇ ತುಂಬಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ `Original payment method`, ಐದರಿಂದ ಏಳು ಕೆಲಸದ ದಿನ ಬೇಕು ಎಂದಿತ್ತು. ಆಕೆ ಹೆಚ್ಚು ಯೋಚಿಸದೆ ಮುಂದುವರಿದರು. ಮರುಕ್ಷಣವೇ ವಾಲೆಟ್‌ನಲ್ಲಿ 6,600 ಕಾಣಿಸಿತು.

ಅದೇ ಸೂಟ್‌ಕೇಸ್ ಬೇರೆ ಕಡೆ ಕಡಿಮೆ ಬೆಲೆಗೆ ಸಿಕ್ಕಿದಾಗ ದುಡ್ಡನ್ನು ಬ್ಯಾಂಕ್ ಖಾತೆಗೆ ಹಾಕಿಕೊಳ್ಳಲು ಹೊರಟರು. ವಾಲೆಟ್ ಪುಟದಲ್ಲಿ `Add money` ಇತ್ತು, `Transfer to bank` ಎಲ್ಲೂ ಇರಲಿಲ್ಲ. ಹೋಗಲಿ ಎಂದು ಅದೇ ಆ್ಯಪ್‌ನಲ್ಲಿ 4,300ರ ಇನ್ನೊಂದು ಸಾಮಾನು ತೆಗೆದುಕೊಂಡರು. ವಾಲೆಟ್ ಮೊದಲು ಬೋನಸ್‌ನ 200 ಮುರಿದುಕೊಂಡಿತು, ಉಳಿದ 4,100ನ್ನು ಆಕೆಯ ದುಡ್ಡಿನಿಂದ ತೆಗೆಯಿತು. 2,300 ಉಳಿಯಿತು. ಬಂದ ಸಾಮಾನು ಸರಿಯಿರಲಿಲ್ಲ, ಹಿಂತಿರುಗಿಸಿದರು. ಅಷ್ಟರಲ್ಲಿ ಬೋನಸ್‌ನ 30 ದಿನದ ಅವಧಿ ಮುಗಿದಿತ್ತು, ಹಾಗಾಗಿ ಆ 200 ಹೋಯಿತು. 4,100 ಮರಳಿ ವಾಲೆಟ್‌ಗೇ ಬಿತ್ತು. ಮತ್ತೆ 6,400.

ಈ ಸಲ ಆಕೆ ಜಾಗ್ರತೆಯಿಂದ `Original payment method` ಅನ್ನೇ ಆರಿಸಿದ್ದರು. ಆದರೂ ದುಡ್ಡು ಬ್ಯಾಂಕಿಗೆ ಹೋಗಲಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಎರಡನೇ ಆರ್ಡರಿಗೆ ದುಡ್ಡು ಕೊಟ್ಟದ್ದು ಕಾರ್ಡಲ್ಲ, ವಾಲೆಟ್. ಆದ್ದರಿಂದ ಆ ಆರ್ಡರಿನ ಮಟ್ಟಿಗೆ ದುಡ್ಡಿನ ಮೂಲ ವಾಲೆಟ್ಟೇ. ಮೊದಲ ಸಲ ವಾಲೆಟ್ ಒಪ್ಪಿಕೊಂಡಾಗಲೇ ಕಾರ್ಡಿನ ಕೊಂಡಿ ಕಳಚಿತ್ತು. ಆಮೇಲೆ ಎಷ್ಟು ಸಲ ಕೊಂಡು ಎಷ್ಟು ಸಲ ಹಿಂತಿರುಗಿಸಿದರೂ ದುಡ್ಡು ಅದೇ ಆವರಣದೊಳಗೆ ಸುತ್ತುತ್ತಿರುತ್ತದೆ.

ಕೊನೆಗೆ ಬ್ಯಾಂಕಿಗೆ ಹೋಗಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಕೊಟ್ಟ ದುಡ್ಡನ್ನು ಬ್ಯಾಂಕಿನ ಮೂಲಕವೇ ವಾಪಸ್ ತರಿಸುವುದು, ಕೇಳಿದರು. ಅದೂ ನಿಲ್ಲಲಿಲ್ಲ. ರದ್ದಾದ ದಿನವೇ ಪೂರ್ತಿ ಮೊತ್ತ ಕೊಟ್ಟಿದ್ದೇವೆ, ವಾಲೆಟ್ ಬೇಕೆಂದು ಗ್ರಾಹಕರೇ ಒಪ್ಪಿದ್ದಾರೆ ಎಂದು ಮಾರಾಟಗಾರ ದಾಖಲೆ ತೋರಿಸಿದ. ಒಪ್ಪಿದ ಸಮಯ ನಿಮಿಷದ ಸಮೇತ ಅವನ ಬಳಿ ಇತ್ತು.

ಆ ಒಂದು ಒಪ್ಪಿಗೆಗೆ ಇಷ್ಟು ತೂಕ ಯಾಕೆ? ಕಾನೂನೇ ಅದಕ್ಕೆ ತೂಕ ಕೊಟ್ಟಿದೆ. ಅಂಗಡಿಗಳ ಪರವಾಗಿ ಆನ್‌ಲೈನ್ ದುಡ್ಡು ಪಡೆದು ತಲುಪಿಸುವ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ಭಾರತದ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರೀಫಂಡ್ ದುಡ್ಡು ಬಂದ ದಾರಿಯಲ್ಲೇ ಹೋಗಬೇಕು. ಗ್ರಾಹಕರು ಬೇರೆ ದಾರಿಗೆ ನಿರ್ದಿಷ್ಟವಾಗಿ ಒಪ್ಪಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಯುರೋಪಿನ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವೂ, ದೂರದಿಂದ ಕೊಂಡದ್ದನ್ನು ಗ್ರಾಹಕರು ಬೇಡವೆಂದಾಗ, ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಅಂದರೆ ನಿಯಮ ನಿಮ್ಮ ಪರವಾಗಿಯೇ ಇದೆ. ಅದನ್ನು ಬಿಟ್ಟುಕೊಡುವ ಅಧಿಕಾರವೂ ನಿಮ್ಮದೇ. ಆ ಪರದೆ ನಿಮ್ಮಿಂದ ಕೇಳುವುದು ಅದನ್ನೇ. ವಾಲೆಟ್ ವೃತ್ತವನ್ನು ಮೊದಲೇ ತುಂಬಿಟ್ಟು ಒಪ್ಪಿಗೆ ಪಡೆಯುವುದು ನಮ್ಮ ದೃಷ್ಟಿಯಲ್ಲಿ ನ್ಯಾಯವಲ್ಲ.

ಈಗ ಎರಡು ಬಗೆಯ ವಾಲೆಟ್‌ಗಳ ವ್ಯತ್ಯಾಸಕ್ಕೆ ಬರೋಣ. ಎಷ್ಟು ಅಂಗಡಿಗಳಲ್ಲಿ ನಡೆಯುತ್ತದೆ ಎಂಬುದು ಹೊರಗೆ ಕಾಣುವ ವ್ಯತ್ಯಾಸ ಮಾತ್ರ. ಒಳಗಿನ ವ್ಯತ್ಯಾಸ ದುಡ್ಡು ಯಾರ ಖಾತೆಯಲ್ಲಿ ಕೂತಿದೆ ಎಂಬುದರಲ್ಲಿದೆ. ಒಂದೇ ಬ್ರ್ಯಾಂಡಿನ ವಾಲೆಟ್‌ಗೆ ನೀವು ಹಾಕಿದ ದುಡ್ಡು ಸಾಮಾನ್ಯವಾಗಿ ನೇರ ಆ ಕಂಪನಿಯ ಖಾತೆಗೆ ಹೋಗುತ್ತದೆ. ಅದು ಮುಂಗಡ. ಕಂಪನಿ ಅದರಲ್ಲಿ ಬಾಡಿಗೆ ಕಟ್ಟಬಹುದು, ಸಂಬಳ ಕೊಡಬಹುದು. ನಿಮ್ಮ ಪರದೆಯ ಮೇಲಿನ ಅಂಕಿ, ಇಷ್ಟು ಬೆಲೆಯ ಸಾಮಾನು ಕೊಡುತ್ತೇವೆ ಎಂಬ ಮಾತು ಅಷ್ಟೇ. ಭಾರತದಲ್ಲಿ ಇಂಥ ವಾಲೆಟ್ಟನ್ನು ಪಾವತಿ ವ್ಯವಸ್ಥೆ ಎಂದು ಪರಿಗಣಿಸುವುದಿಲ್ಲ, ಇದನ್ನು ಶುರು ಮಾಡಲು ರಿಸರ್ವ್ ಬ್ಯಾಂಕಿನ ಅನುಮತಿಯೂ ಬೇಕಿಲ್ಲ.

ಹಲವು ಕಡೆ ನಡೆಯುವ ವಾಲೆಟ್ ಹಾಗಲ್ಲ. ಅದನ್ನು ಕೊಡುವ ಸಂಸ್ಥೆಗೆ ಪರವಾನಗಿ ಬೇಕು. ಭಾರತದಲ್ಲಿ ಬ್ಯಾಂಕ್ ಅಲ್ಲದ ಸಂಸ್ಥೆ ಗ್ರಾಹಕರ ದುಡ್ಡನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಬೇರೆಯಾಗಿ ಇಡಬೇಕು, ಸ್ವಂತ ಖರ್ಚಿಗೆ ಮುಟ್ಟುವಂತಿಲ್ಲ. ಯುರೋಪಿನಲ್ಲೂ ಇ-ಮನಿ ಸಂಸ್ಥೆ ಗ್ರಾಹಕರ ದುಡ್ಡನ್ನು ಕಾಪಿಡಬೇಕು, ಕೇಳಿದಾಗ ಮುಖಬೆಲೆಗೆ ಮರಳಿಸಬೇಕು.

ಕಂಪನಿ ಮುಳುಗಿದ ದಿನ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅಮೆರಿಕದ ಶಾರ್ಪರ್ ಇಮೇಜ್ ಮಳಿಗೆಗಳು 2008ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಗಿಫ್ಟ್ ಕಾರ್ಡ್‌ಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದವು. ಆಮೇಲೆ, ಕಾರ್ಡಿನ ಮೊತ್ತದ ಎರಡರಷ್ಟು ಖರೀದಿ ಮಾಡಿದರೆ ತೆಗೆದುಕೊಳ್ಳುತ್ತೇವೆ ಎಂದವು. ತನ್ನದೇ ದುಡ್ಡು ಬಿಡಿಸಿಕೊಳ್ಳಲು ಗ್ರಾಹಕ ಮತ್ತೆ ಅಷ್ಟೇ ದುಡ್ಡು ಸುರಿಯಬೇಕಾಯಿತು. ಬ್ರಿಟನ್ನಿನ ಸಂಗೀತ ಮಳಿಗೆಗಳ ಕಂಪನಿ ಎಚ್‌ಎಂವಿ 2013ರ ಜನವರಿಯಲ್ಲಿ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಗೆ ಹೋದಾಗಲೂ ವೋಚರ್‌ಗಳನ್ನು ನಿರಾಕರಿಸಲಾಯಿತು, ಸುಮಾರು ಒಂದು ವಾರದ ನಂತರ ಮತ್ತೆ ಒಪ್ಪಿದರು. ಒಪ್ಪದೇ ಇದ್ದಿದ್ದರೆ ವೋಚರ್ ಇದ್ದವರೆಲ್ಲ ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಿತ್ತು. ಇದಕ್ಕೆ ಪ್ರತಿಯಾಗಿ 2020ರ ಜೂನ್‌ನಲ್ಲಿ ಜರ್ಮನಿಯ ಪಾವತಿ ಕಂಪನಿ ವೈರ್‌ಕಾರ್ಡ್ ಕುಸಿದಾಗ, ಬ್ರಿಟನ್ನಿನ ನಿಯಂತ್ರಕರು ಅದರ ಅಲ್ಲಿನ ಅಂಗಸಂಸ್ಥೆಯ ವ್ಯವಹಾರಕ್ಕೆ ತಡೆ ಹಾಕಿದ್ದರಿಂದ ಬಹಳ ಪ್ರೀಪೇಯ್ಡ್ ಕಾರ್ಡ್‌ಗಳು ಒಮ್ಮೆಗೇ ಸ್ತಬ್ಧವಾದವು. ಕೆಲವೇ ದಿನಗಳಲ್ಲಿ ತಡೆ ತೆರವಾಯಿತು, ಜನರಿಗೆ ತಮ್ಮ ದುಡ್ಡು ಮತ್ತೆ ಸಿಕ್ಕಿತು. ಆ ಕೆಲವು ದಿನ ಕಷ್ಟವಾಗಿದ್ದು ನಿಜ. ಪರವಾನಗಿ ಇದ್ದ ಮಾತ್ರಕ್ಕೆ ಎಲ್ಲವೂ ಸುಸೂತ್ರ ಎಂದಲ್ಲ, ಬ್ಯಾಂಕ್ ಠೇವಣಿಗೂ ವಾಲೆಟ್ ಬಾಕಿಗೂ ವ್ಯತ್ಯಾಸವಿದ್ದೇ ಇದೆ.

ಹಾಗಾದರೆ ಕೈಯಲ್ಲಿರುವ ವಾಲೆಟ್ ಯಾವ ಬಗೆಯದು ಎಂದು ತಿಳಿಯುವುದು ಹೇಗೆ? ಹೆಸರು ನೋಡಿ ಹೇಳಲಾಗದು. ಬ್ರ್ಯಾಂಡಿನ ಹೆಸರಿದ್ದರೂ ಹಿಂದೆ ಪರವಾನಗಿ ಇರುವ ಬೇರೊಂದು ಸಂಸ್ಥೆ ಇರಬಹುದು, ಅಂಥ ವಾಲೆಟ್ ಹೊರಗೂ ನಡೆಯುತ್ತದೆ. ನಿಯಮಗಳ ಪುಟ ತೆರೆದು `issued by` ಎಂಬ ಪದ ಹುಡುಕಿ. ಅಲ್ಲಿ ಬ್ಯಾಂಕಿನದೋ ಪರವಾನಗಿ ಪಡೆದ ಪಾವತಿ ಸಂಸ್ಥೆಯದೋ ಹೆಸರಿದ್ದರೆ, ಅದು ನಿಯಂತ್ರಕರ ಜಾಲತಾಣದ ಪಟ್ಟಿಯಲ್ಲಿದೆಯೇ ನೋಡಿ. ಮಾರುವ ಕಂಪನಿಯ ಹೆಸರೇ ಇದ್ದು, ಪಕ್ಕದಲ್ಲಿ `non-transferable` ಮತ್ತು `cannot be redeemed for cash` ಎಂದಿದ್ದರೆ ಅದು ಮುಚ್ಚಿದ ವಾಲೆಟ್, ಅಂದರೆ ಒಂದೇ ಬ್ರ್ಯಾಂಡಿನಲ್ಲಿ ನಡೆಯುವಂಥದ್ದು ಎಂದು ತಿಳಿಯಿರಿ. ಕ್ಯೂಆರ್ ಸ್ಕ್ಯಾನ್ ಮಾಡಿ ಹೊರಗಿನವರಿಗೆ ಕೊಡುವ ಗುಂಡಿ ಇಲ್ಲದಿರುವುದು ಇನ್ನೊಂದು ಸುಳಿವು. ಬ್ಯಾಂಕಿಗೆ ಕಳಿಸುವ ಗುಂಡಿ ಇಲ್ಲ ಎಂಬುದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಭಾರತದಲ್ಲಿ ಪೂರ್ತಿ ಕೆವೈಸಿ ಆಗದ ಸಣ್ಣ ವಾಲೆಟ್‌ಗಳಿಗೂ ಆ ಸೌಲಭ್ಯವಿಲ್ಲ, ಅವುಗಳಲ್ಲಿ ಖರೀದಿ ಮಾತ್ರ ಸಾಧ್ಯ.

ಈಗಾಗಲೇ ತಪ್ಪು ಗುಂಡಿ ಒತ್ತಿದ್ದರೆ, ಮೊದಲ ಕೆಲಸ ಆ ವಾಲೆಟ್‌ನಿಂದ ಒಂದು ಪೈಸೆಯನ್ನೂ ಖರ್ಚು ಮಾಡದಿರುವುದು. ಬಾಕಿ ಮುಟ್ಟದೆ ಇದ್ದಾಗ ಒಟ್ಟು ಮೊತ್ತವನ್ನು ಹಿಂದಕ್ಕೆ ತೆಗೆದು ಕಾರ್ಡಿಗೆ ಕಳಿಸುವುದು ಅವರಿಗೆ ಸುಲಭ. ಒಮ್ಮೆ ಖರ್ಚಾದರೆ, ಯಾವ ಭಾಗ ಯಾವ ಆರ್ಡರಿನದು ಎಂಬ ನೆಪ ಸಿಗುತ್ತದೆ. ಅದೇ ದಿನ ಗ್ರಾಹಕ ಸೇವೆಗೆ ಬರವಣಿಗೆಯಲ್ಲಿ ಬರೆಯಿರಿ, ಫೋನಿನಲ್ಲಿ ಹೇಳಿದರೆ ಸಾಲದು. ಆರ್ಡರ್ ಸಂಖ್ಯೆ, ಕಾರ್ಡಿನ ವ್ಯವಹಾರ ಸಂಖ್ಯೆ, ಮೊತ್ತ ಮತ್ತು ರದ್ದು ಮಾಡಿದ ಸಮಯ ಅದರಲ್ಲಿರಲಿ. ವಾಲೆಟ್ ಆಯ್ಕೆ ಮೊದಲೇ ಗುರುತಾಗಿತ್ತು, ಬೋನಸ್ ವಾಪಸ್ ತೆಗೆದುಕೊಂಡು ಅಸಲನ್ನು ಕಾರ್ಡಿಗೆ ಹಾಕಿ ಎಂದು ಸ್ಪಷ್ಟವಾಗಿ ಕೇಳಿ. ಬೋನಸ್ ಬಿಟ್ಟುಕೊಡುತ್ತೇವೆ ಎಂದು ನೀವೇ ಹೇಳಿದರೆ ಅವರ ಒಂದು ಆಕ್ಷೇಪ ಅಲ್ಲೇ ಮುಗಿಯುತ್ತದೆ. ಅವರು ಒಪ್ಪಿ ಕಾರ್ಡಿಗೆ ಕಳಿಸಿದರೆ ಎಆರ್‌ಎನ್ ಸಂಖ್ಯೆ ಕೇಳಿ ಪಡೆಯಿರಿ. ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಎಂದು ನಿಮ್ಮ ಬ್ಯಾಂಕ್ ಹುಡುಕುವುದು ಆ ಸಂಖ್ಯೆಯಿಂದಲೇ.

ಒಪ್ಪದಿದ್ದರೆ, ಹೇಗಿದ್ದರೂ ಕೊಳ್ಳಲೇಬೇಕಾದ, ಹಿಂತಿರುಗಿಸುವ ಸಂಭವ ಕಡಿಮೆಯಿರುವ ಸಾಮಾನನ್ನು ಒಂದೇ ಆರ್ಡರಿನಲ್ಲಿ ತೆಗೆದುಕೊಂಡು ಬಾಕಿಯನ್ನು ಸೊನ್ನೆ ಮಾಡಿ. ಆರ್ಡರ್ ಬಾಕಿಗಿಂತ ಸ್ವಲ್ಪ ಹೆಚ್ಚಿಗೇ ಇರಲಿ, ಮಿಕ್ಕದ್ದನ್ನು ಕಾರ್ಡಿನಿಂದ ಕೊಡಿ. ಇಲ್ಲದಿದ್ದರೆ ಯಾವ ಸಾಮಾನಿಗೂ ಸಾಲದ 60–70 ಅಲ್ಲೇ ಉಳಿದುಬಿಡುತ್ತದೆ. ಹೀಗೆ ಎರಡು ಕಡೆಯಿಂದ ಕೊಟ್ಟ ಆರ್ಡರಿನಲ್ಲಿ ಒಂದು ಸಾಮಾನನ್ನು ಮಾತ್ರ ಹಿಂತಿರುಗಿಸಿದರೆ, ಮೊದಲು ವಾಲೆಟ್ ಭಾಗ ಮರಳುತ್ತದೋ ಕಾರ್ಡಿನ ಭಾಗವೋ ಎಂಬುದು ಆಯಾ ಆ್ಯಪ್‌ನ ನಿಯಮ. ಅದನ್ನು ಆರ್ಡರಿಗೆ ಮುಂಚೆಯೇ ಓದಿಕೊಳ್ಳಿ. ಬಾಕಿ ಸೊನ್ನೆಯಾದ ಮೇಲೆ ವಾಲೆಟ್ ಸೆಟ್ಟಿಂಗ್‌ನಲ್ಲಿ `Auto-reload` ಆಫ್ ಇದೆಯೇ ನೋಡಿ, ಉಳಿಸಿಟ್ಟ ಕಾರ್ಡನ್ನು ಅಳಿಸಿ. ಅದು ಆನ್ ಇದ್ದರೆ, ಬಾಕಿ ನಿಗದಿತ ಮಟ್ಟಕ್ಕಿಂತ ಇಳಿದ ಕೂಡಲೇ ವಾಲೆಟ್ ನಿಮ್ಮ ಖಾತೆಯಿಂದ ತಾನಾಗಿಯೇ ಮತ್ತೆ ತುಂಬಿಕೊಳ್ಳುತ್ತದೆ.