ಫಿಟ್ ಪೇಜಾ, ಫಿಟ್ ವಿಡ್ತಾ? ಒಂದೇ ಪಿಡಿಎಫ್ ಎರಡರಲ್ಲೂ ಓದಿ ನೋಡಿದೆ

ಕಳೆದ ವಾರ ಎಂಟು ಪುಟದ ಒಂದು ವರದಿ ಬಂತು, ಪಿಡಿಎಫ್ ಫೈಲು. ತೆರೆದರೆ ಪರದೆಯ ನಡುವೆ ಪುಟ್ಟದೊಂದು ಪುಟ, ಎರಡೂ ಬದಿಗೆ ಬೂದು ಬಣ್ಣದ ಬಯಲು. ಅಕ್ಷರ ಇರುವೆ ಸಾಲಿನ ಹಾಗೆ. Ctrl ಹಿಡಿದು + ಒತ್ತುತ್ತಾ ಹೋದೆ. ಮೊದಲು ಸಣ್ಣದು, ಆಮೇಲೆ ಪರವಾಗಿಲ್ಲ, ಇನ್ನೊಂದು ಒತ್ತಿದೆ ನೋಡಿ, ಬಲಗಡೆಯ ಪದಗಳು ಪರದೆಯಾಚೆ ಹೋದವು. ಐದನೇ ಪುಟದಲ್ಲಿ ಅಡ್ಡಕ್ಕೆ ಅಗಲವಾದ ಕೋಷ್ಟಕ ಇತ್ತು. ಏಳನೇ ಪುಟ ಯಾರೋ ಸ್ಕ್ಯಾನ್ ಮಾಡಿ ಸೇರಿಸಿದ್ದು, ಪಕ್ಕಕ್ಕೆ ಮಲಗಿಕೊಂಡಿತ್ತು. ಕುತ್ತಿಗೆ ಓರೆ ಮಾಡಿ ಅರ್ಧ ಪುಟ ಓದಿದೆ, ಸುಳ್ಳಲ್ಲ.

ಕೊನೆಗೆ ಸುಮ್ನೆ ಪರದಾಡೋದು ಬೇಡ ಅಂತ ಅದೇ ಫೈಲನ್ನು ಫಿಟ್ ಪೇಜ್, ಫಿಟ್ ವಿಡ್ತ್ ಎರಡರಲ್ಲೂ ಇಟ್ಟು ಪೂರ್ತಿ ಓದಿದೆ. ಒಮ್ಮೆ ಕ್ರೋಮ್‌ನಲ್ಲಿ, ಒಮ್ಮೆ ಫೈರ್‌ಫಾಕ್ಸ್‌ನಲ್ಲಿ. ನನ್ನ ಲ್ಯಾಪ್‌ಟಾಪ್ ಹಳೆಯದು, 1366 × 768 ಪರದೆ.

ಮೊದಲು ಎರಡರ ವ್ಯತ್ಯಾಸ. ಫಿಟ್ ಪೇಜ್ ಅಂದರೆ ಪುಟದ ನಾಲ್ಕೂ ಮೂಲೆ ಒಟ್ಟಿಗೆ ಕಾಣಬೇಕು. ಅದಕ್ಕಾಗಿ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗುತ್ತದೆ. ಫಿಟ್ ವಿಡ್ತ್ ಅಂದರೆ ಪುಟದ ಅಗಲ ಕಿಟಕಿಯ ಅಗಲಕ್ಕೆ ಸರಿಯಾಗಿ ಕೂರಬೇಕು. ಉದ್ದ ಎಷ್ಟು ಕೆಳಗೆ ಇಳಿದರೂ ಅದಕ್ಕೆ ಚಿಂತೆ ಇಲ್ಲ, ನೀವು ಸ್ಕ್ರಾಲ್ ಮಾಡಿಕೊಳ್ಳಬೇಕು. ಇಷ್ಟೇ. ಆದರೆ ಈ ಇಷ್ಟರಿಂದ ಅಕ್ಷರದ ಗಾತ್ರದಲ್ಲಿ ಆಗುವ ಫರಕು ನಾನು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ.

ಲೆಕ್ಕ ಹಾಕಿಯೇ ನೋಡೋಣ. ಪಿಡಿಎಫ್ ಪುಟದ ಅಳತೆ ಪಾಯಿಂಟ್‌ನಲ್ಲಿರುತ್ತದೆ, ಒಂದು ಇಂಚಿಗೆ 72 ಪಾಯಿಂಟ್. A4 ಹಾಳೆ ಅಂದರೆ ಸುಮಾರು 595 ಪಾಯಿಂಟ್ ಅಗಲ, 842 ಪಾಯಿಂಟ್ ಉದ್ದ. ನನ್ನ ಪರದೆಯಲ್ಲಿ ಟ್ಯಾಬು, ಟೂಲ್‌ಬಾರು, ಕೆಳಗಿನ ಪಟ್ಟಿ ಎಲ್ಲ ಕಳೆದರೆ ಪುಟಕ್ಕೆ ಉಳಿಯುವುದು ಸುಮಾರು 1340 × 600 ಪಿಕ್ಸೆಲ್. ಹಾಳೆ ನಿಂತಿದೆ, ಕಿಟಕಿ ಮಲಗಿದೆ. ಜಗಳ ಶುರುವಾಗುವುದೇ ಇಲ್ಲಿ.

ಫಿಟ್ ಪೇಜ್‌ನಲ್ಲಿ 842 ಪಾಯಿಂಟ್ ಉದ್ದವನ್ನು 600 ಪಿಕ್ಸೆಲ್ ಒಳಗೆ ತುರುಕಬೇಕು. ಬ್ರೌಸರ್‌ಗಳು 100% ಅಂದರೆ ಇಂಚಿಗೆ 96 ಪಿಕ್ಸೆಲ್ ಅಂತ ಹಿಡಿಯುತ್ತವೆ. ಆ ಲೆಕ್ಕದಲ್ಲಿ ಇದು ಸುಮಾರು 53% ಆಗುತ್ತದೆ. 11 ಪಾಯಿಂಟ್ ಅಕ್ಷರ 6 ಪಾಯಿಂಟ್‌ನಷ್ಟು ಕಾಣುತ್ತದೆ, ಔಷಧಿ ಡಬ್ಬಿಯೊಳಗಿನ ಚೀಟಿಯ ಹಾಗೆ. ಫಿಟ್ ವಿಡ್ತ್‌ನಲ್ಲಿ 595 ಪಾಯಿಂಟ್ ಅಗಲ 1340 ಪಿಕ್ಸೆಲ್‌ಗೆ ಹಿಗ್ಗುತ್ತದೆ, ಅಂದರೆ ಸುಮಾರು 169%. ಅದೇ ಅಕ್ಷರ ಈಗ 18 ಪಾಯಿಂಟ್ ದಾಟುತ್ತದೆ. ಒಂದೇ ಫೈಲು, ಒಂದೇ ಪರದೆ, ಒಂದು ಗುಂಡಿಯ ಒತ್ತು. ಗಾತ್ರ ಮೂರು ಪಟ್ಟು ಬೇರೆ.

ಓದುವಾಗ ಹೇಗಿತ್ತು ಅಂದರೆ, ಫಿಟ್ ಪೇಜ್‌ನಲ್ಲಿ ಮೊದಲ ನಾಲ್ಕು ಪುಟ ಓದಲಿಕ್ಕೇ ಆಗಲಿಲ್ಲ. ಎಲ್ಲಿ ಶೀರ್ಷಿಕೆ ಇದೆ, ಎಲ್ಲಿ ಚಿತ್ರ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಕನ್ನಡದ ಒತ್ತಕ್ಷರಗಳಂತೂ ಮಸಿ ಚುಕ್ಕೆ. ಫಿಟ್ ವಿಡ್ತ್‌ನಲ್ಲಿ ಹಾಯಾಗಿ ಓದಿದೆ, ಆದರೆ ಒಮ್ಮೆಗೆ ಪುಟದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕಾಣುತ್ತದೆ. ಒಂದು ಪುಟ ಮುಗಿಸಲು ಮೂರು ನಾಲ್ಕು ಸಲ ಕೆಳಗೆ ಇಳಿಯಬೇಕು. ಪಠ್ಯ ಒಂದೇ ಕಾಲಂ ಆಗಿದ್ದರೆ ಇದೇನೂ ತೊಂದರೆ ಅಲ್ಲ. ಎರಡು ಕಾಲಂನ ಲೇಖನವಾದರೆ ಎಡಗಡೆಯ ಕಾಲಂ ಮುಗಿಸಿ ಮತ್ತೆ ಮೇಲಕ್ಕೆ ಹತ್ತಿ ಬಲಗಡೆಯದನ್ನು ಹಿಡಿಯಬೇಕು, ಪ್ರತಿ ಪುಟಕ್ಕೂ ಇದೇ ಕಸರತ್ತು. ಅಂಥಲ್ಲಿ ಫಿಟ್ ವಿಡ್ತ್ ಬಗ್ಗೆ ನನ್ನ ಪ್ರೀತಿ ಸ್ವಲ್ಪ ಇಳಿಯುತ್ತದೆ.

ಐದನೇ ಪುಟಕ್ಕೆ ಬಂದಾಗ ಆಟ ಬದಲಾಯಿತು. ಆ ಪುಟ 842 ಅಗಲ, 595 ಉದ್ದ. ಇದಕ್ಕೆ ಫಿಟ್ ಪೇಜ್ ಕೊಟ್ಟರೆ 76% ಸಿಗಬೇಕು, ಫಿಟ್ ವಿಡ್ತ್ ಕೊಟ್ಟರೆ 119%. ಅಂತರ ಕಡಿಮೆಯಾಯಿತು, ಅಲ್ವಾ? ಪುಟದ ಆಕಾರ ಕಿಟಕಿಯ ಆಕಾರಕ್ಕೆ ಹತ್ತಿರವಾದಷ್ಟೂ ಎರಡೂ ಆಯ್ಕೆಗಳು ಹತ್ತಿರ ಬರುತ್ತವೆ. ಪ್ರೆಸೆಂಟೇಶನ್ ಸ್ಲೈಡ್‌ಗಳಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣದಿರುವುದು ಇದಕ್ಕೇ. ಕೋಷ್ಟಕಕ್ಕೆ ನಾನು ಫಿಟ್ ಪೇಜನ್ನೇ ಇಟ್ಟುಕೊಂಡೆ. ತಲೆಸಾಲು ಕಾಣದೆ ಹದಿನೈದನೇ ಸಾಲಿನ ಅಂಕಿ ಓದಿದರೆ ಅದು ಯಾವುದರ ಅಂಕಿ ಅಂತ ನೆನಪಿರುವುದಿಲ್ಲ. ಅಕ್ಷರ ಸ್ವಲ್ಪ ಸಣ್ಣದಾದರೂ ಇಡೀ ಕೋಷ್ಟಕ ಕಣ್ಣೆದುರಿಗೆ ಇರಲಿ.

ಆದರೆ ಇಂಥ ಅಡ್ಡ ಪುಟ ಉಳಿದ ಪುಟಗಳಿಗೂ ಕಾಟ ಕೊಟ್ಟಿತು. ಅದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಕ್ರೋಮ್‌ನಲ್ಲಿ ಫಿಟ್ ವಿಡ್ತ್ ಇಟ್ಟರೂ ಮೊದಲ ಪುಟದ ಎರಡೂ ಬದಿಗೆ ಖಾಲಿ ಜಾಗ. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಕ್ರೋಮ್ ಇಡೀ ಫೈಲಿನಲ್ಲಿ ಅತಿ ಅಗಲವಾದ ಪುಟ ಯಾವುದೋ ಅದನ್ನು ಕಿಟಕಿಗೆ ಹೊಂದಿಸುತ್ತದೆ, ಉಳಿದವು ಅದೇ ಪ್ರಮಾಣಕ್ಕೆ ಬರುತ್ತವೆ. ಹಾಗಾಗಿ ನಿಂತ ಪುಟಗಳಿಗೂ 169 ಬದಲು 119% ಸಿಕ್ಕಿತು. ಕಿಟಕಿಯ ಅಗಲದಲ್ಲಿ ನೂರಕ್ಕೆ ಎಪ್ಪತ್ತು ಭಾಗವಷ್ಟೇ ತುಂಬಿತು.

ಫೈರ್‌ಫಾಕ್ಸ್ ಇದಕ್ಕೆ ಉಲ್ಟಾ. ಅದು ಆಗ ತೆರೆದಿರುವ ಪುಟವನ್ನು ನೋಡಿ ಲೆಕ್ಕ ಹಾಕುತ್ತದೆ. ಒಂದನೇ ಪುಟದಲ್ಲಿದ್ದಾಗ `Page Width` ಆರಿಸಿದೆ, 169% ಸಿಕ್ಕಿತು, ಕಿಟಕಿ ತುಂಬಿತು. ಅದೇ ಪ್ರಮಾಣದಲ್ಲಿ ಐದನೇ ಪುಟಕ್ಕೆ ಇಳಿದರೆ ಕೋಷ್ಟಕದ ಬಲಭಾಗ ಹೊರಗೆ ಚಾಚಿಕೊಂಡಿತ್ತು. ಅಲ್ಲಿ ನಿಂತು ಒಮ್ಮೆ `Page Fit` ಆರಿಸಿದರೆ ಸರಿಯಾಗುತ್ತದೆ. ನನಗೆ ಇದೇ ಮೇಲು ಅನಿಸಿತು. ನಿಂತ ಪುಟಗಳನ್ನು ಚೆನ್ನಾಗಿ ಓದಿ ಅಡ್ಡ ಪುಟಕ್ಕೆ ಗುಂಡಿ ಒತ್ತುವುದು ಕಷ್ಟವಲ್ಲ.

ಫೈರ್‌ಫಾಕ್ಸ್ ಮೊದಲು ತೋರಿಸುವ `Automatic Zoom` ಬಗ್ಗೆಯೂ ಒಂದು ಮಾತು. ನಿಂತ ಪುಟಕ್ಕೆ ಅದು ಫಿಟ್ ವಿಡ್ತ್ ಥರಾನೇ, ಆದರೆ 125% ದಾಟುವುದಿಲ್ಲ. ದೊಡ್ಡ ಮಾನಿಟರ್‌ನಲ್ಲಿ ಬದಿಗೆ ಜಾಗ ಬಿದ್ದಿರುವುದು ಈ ಮಿತಿಯಿಂದ. ಯಾವಾಗಲೂ ಪೂರ್ತಿ ಅಗಲವೇ ಬೇಕು ಅನ್ನುವವರು `about:config` ತೆರೆದು `pdfjs.defaultZoomValue` ಅನ್ನುವುದಕ್ಕೆ `page-width` ಅಂತ ಕೊಡಬಹುದು. ನಾನು ಕೊಟ್ಟಿದ್ದೇನೆ.

ಈಗ ಮಲಗಿದ ಏಳನೇ ಪುಟ. ಕ್ರೋಮ್‌ನಲ್ಲಿ `Ctrl` ಜೊತೆ `]` ಒತ್ತಿದರೆ ಪುಟ ಬಲಕ್ಕೆ ತಿರುಗುತ್ತದೆ, ಫೈರ್‌ಫಾಕ್ಸ್‌ನಲ್ಲಿ ಬರೀ `R` ಸಾಕು. ತಿರುಗಿಸಿದೆ. ಏಳನೇ ಪುಟ ಎದ್ದು ನಿಂತಿತು, ಉಳಿದ ಏಳೂ ಮಲಗಿದವು! ಎರಡೂ ಕಡೆ ಈ ಗುಂಡಿ ಇಡೀ ಫೈಲನ್ನೇ ತಿರುಗಿಸುತ್ತದೆ, ಒಂದು ಪುಟವನ್ನಲ್ಲ. ಅದು ನೋಡುವ ಕೋನ ಅಷ್ಟೇ, ಫೈಲು ಇದ್ದಂತೆಯೇ ಇರುತ್ತದೆ. ಇನ್ನೊಬ್ಬರಿಗೆ ಕಳಿಸಿದರೆ ಅವರೂ ಕುತ್ತಿಗೆ ಓರೆ ಮಾಡಬೇಕು.

ಇಲ್ಲಿ ಇನ್ನೊಂದು ಮೋಸ ಇದೆ. ಫಿಟ್ ಪೇಜ್‌ನಲ್ಲಿದ್ದಾಗ ಮಲಗಿದ ಪುಟವನ್ನು ಎಬ್ಬಿಸಿದರೆ ಅದು ಇನ್ನೂ ಸಣ್ಣದಾಗುತ್ತದೆ. ಮಲಗಿದ್ದಾಗ 595 ಉದ್ದ 600 ಪಿಕ್ಸೆಲ್‌ಗೆ ಹೊಂದಿತ್ತು, 76%. ಎದ್ದ ಮೇಲೆ 842 ಉದ್ದ ಹೊಂದಬೇಕು, 53%. ತಿರುಗಿಸಿದರೆ ಸರಿಹೋಗುತ್ತದೆ ಅಂತ ತಿರುಗಿಸಿದವರಿಗೆ ಪುಟ ಕುಗ್ಗಿ ಹೋದದ್ದು ಕಂಡು ಗಾಬರಿ. ತಿರುಗಿಸಿದ ಮೇಲೆ ಫಿಟ್ ವಿಡ್ತ್‌ಗೆ ಹೋಗಿ, ಮತ್ತೆ ದೊಡ್ಡದಾಗುತ್ತದೆ.

ಒಂದು ಪುಟವನ್ನು ಮಾತ್ರ, ಅದೂ ಶಾಶ್ವತವಾಗಿ ತಿರುಗಿಸಬೇಕು ಅಂದರೆ ಫೈಲನ್ನೇ ಮುಟ್ಟಬೇಕು. ಪಿಡಿಎಫ್‌ನಲ್ಲಿ ಪ್ರತಿ ಪುಟಕ್ಕೂ `/Rotate` ಅನ್ನುವ ಒಂದು ಗುರುತು ಇರಬಹುದು. 0, 90, 180, 270, ಹೀಗೆ 90ರ ಮಗ್ಗಿಯಲ್ಲೇ ಇರಬೇಕು. ಪಿಡಿಎಫ್ ತೋರಿಸುವ ತಂತ್ರಾಂಶ ಅದನ್ನು ಓದಿ ಪುಟವನ್ನು ಅಷ್ಟು ತಿರುಗಿಸಿ ತೋರಿಸುತ್ತದೆ. ನಮ್ಮ ಫೈಲಿನಲ್ಲಿ ಏನಿದೆ ಅಂತ `pdfinfo` ಅನ್ನುವ ಕಮಾಂಡ್ ಹೇಳುತ್ತದೆ, ನಮಗೆ ಬೇಕಾದ ಸಾಲುಗಳು ಇವು:

```
pdfinfo -f 5 -l 7 varadi.pdf

Page    5 size:  841.89 x 595.28 pts (A4)
Page    5 rot:   0
Page    6 size:  595.28 x 841.89 pts (A4)
Page    6 rot:   0
Page    7 size:  841.89 x 595.28 pts (A4)
Page    7 rot:   0
```

ಐದು ಮತ್ತು ಏಳನ್ನು ನೋಡಿ. ಎರಡೂ ತದ್ರೂಪು. ಐದು ಸರಿಯಾಗಿದೆ, ಏಳು ಮಲಗಿದೆ, ಆದರೆ ಅಂಕಿಗಳಲ್ಲಿ ಒಂದಿಷ್ಟೂ ಫರಕಿಲ್ಲ. ಏಳರಲ್ಲಿ ಇರುವುದು ಬರೀ ಚಿತ್ರ. ಸ್ಕ್ಯಾನರ್ ಮೇಲೆ ಹಾಳೆ ಅಡ್ಡ ಇಟ್ಟಿದ್ದಾರೆ, ಅಕ್ಷರಗಳೂ ಅಡ್ಡ ಬಿದ್ದಿವೆ. ತಂತ್ರಾಂಶಕ್ಕೆ ಅದು ತಪ್ಪು ಅಂತ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ `qpdf` ಅನ್ನುವ ಇನ್ನೊಂದು ಕಮಾಂಡ್‌ನಿಂದ ನಾವೇ ಹೇಳಬೇಕು:

```
qpdf varadi.pdf hosadu.pdf --rotate=+90:7
```

ಏಳನೇ ಪುಟವನ್ನು ಬಲಕ್ಕೆ 90 ಡಿಗ್ರಿ ತಿರುಗಿಸಿ ಹೊಸ ಫೈಲು ಮಾಡು ಅಂತ ಅರ್ಥ. ತಲೆಕೆಳಗಾಗಿ ಬಂದರೆ ಹಳೆಯ ಫೈಲಿನಿಂದಲೇ `-90` ಕೊಟ್ಟು ಮತ್ತೊಮ್ಮೆ ಮಾಡಿ. ಚಿತ್ರದ ಗುಣಮಟ್ಟ ಕೆಡುವುದಿಲ್ಲ, ಬದಲಾಗುವುದು ಆ ಗುರುತು ಮಾತ್ರ. ಕಮಾಂಡ್ ಬೇಡ ಅನ್ನುವ ಮ್ಯಾಕ್ ಬಳಕೆದಾರರು ಪ್ರಿವ್ಯೂನಲ್ಲಿ ಆ ಪುಟವನ್ನು ಆರಿಸಿ ತಿರುಗಿಸಿದರೆ ಅದೂ ಫೈಲಿನಲ್ಲೇ ಉಳಿಯುತ್ತದೆ.

ಫೋನಿನಲ್ಲೂ ನೋಡಿದೆ. ಅಲ್ಲಿ ಹೋಲಿಕೆಗೆ ಅರ್ಥವೇ ಇಲ್ಲ. ಫೋನು ಹಾಳೆಗಿಂತಲೂ ನೀಳ, ಹಾಗಾಗಿ ನಿಂತ A4 ಪುಟಕ್ಕೆ ಎರಡೂ ಆಯ್ಕೆ ಒಂದೇ ಗಾತ್ರ ಕೊಡುತ್ತವೆ. 210 ಮಿಲಿಮೀಟರ್ ಹಾಳೆ 70 ಮಿಲಿಮೀಟರ್ ಗಾಜಿನೊಳಗೆ ಬಂದರೆ 11 ಪಾಯಿಂಟ್ ಅಕ್ಷರ 4 ಪಾಯಿಂಟ್‌ಗೂ ಕಡಿಮೆ. ಫೋನನ್ನು ಅಡ್ಡ ಹಿಡಿದು ಫಿಟ್ ವಿಡ್ತ್ ಇಟ್ಟರೆ ಅದರ ಎರಡು ಪಟ್ಟು ಸಿಗುತ್ತದೆ, ಓದಬಹುದು. ಅಡ್ಡ ಹಿಡಿದು ಫಿಟ್ ಪೇಜ್ ಇಟ್ಟರೆ ಮಾತ್ರ ದೇವರೇ ಗತಿ.

ಈಗ ಹೊಸ ಫೈಲು ಫೈರ್‌ಫಾಕ್ಸ್‌ನಲ್ಲಿ ತೆರೆದೇ ಇದೆ. ಏಳನೇ ಪುಟ ನೆಟ್ಟಗೆ ನಿಂತಿದೆ, `Page Width`ನಲ್ಲಿ ಉಳಿದ ಪುಟಗಳಷ್ಟೇ ಅಗಲಕ್ಕೆ. ಐದಕ್ಕೆ ಬಂದಾಗ `Page Fit`, ಆರಕ್ಕೆ ಇಳಿದ ಮೇಲೆ ಮತ್ತೆ `Page Width`.