ಉಳುಕಿದ ಕಾಲಿಗೆ ಟೇಪಾ, ಬ್ರೇಸಾ, ವ್ಯಾಯಾಮವಾ?

ಹೋದ ಡಿಸೆಂಬರಿನಲ್ಲಿ ದಾವಣಗೆರೆಯ ನಮ್ಮ ವಾಲಿಬಾಲ್ ಅಂಕಣದಲ್ಲಿ ಬ್ಲಾಕ್‌ಗೆ ಹಾರಿ ಇಳಿಯುವಾಗ, ನೆಟ್ಟಿನ ಕೆಳಗೆ ಎದುರಾಳಿಯ ಪಾದದ ಮೇಲೆ ನನ್ನ ಬಲಗಾಲು ಬಿತ್ತು. ಪಾದ ಒಳಕ್ಕೆ ಮಗುಚಿತು. ಹೊರಗಿನ ಗಿಣ್ಣಿನ ಮುಂದೆ ಸಣ್ಣ ಬಾವು ಬಂತು. ಕುಂಟುತ್ತಾ ನಡೆಯಲು ಆಗುತ್ತಿತ್ತು. ಗಿಣ್ಣಿನ ಮೂಳೆಯ ಹಿಂಬದಿ ಒತ್ತಿದರೂ ನೋವಿರಲಿಲ್ಲ. ಆ ಮೂಳೆ ಒತ್ತಿದಾಗ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಮೊದಲು ಎಕ್ಸ್‌ರೇ ಮಾಡಿಸಬೇಕು. ಉಳುಕು ತೆಗೆಯುವವರ ಹತ್ತಿರ ಎಳೆಸಿಕೊಂಡು ಬಾ ಅಂತ ಅಮ್ಮ ಹೇಳಿದರು. ಹೋಗಲಿಲ್ಲ. ಹಿಗ್ಗಿದ ಲಿಗಮೆಂಟನ್ನು ಇನ್ನಷ್ಟು ಎಳೆಸುವುದು ಯಾಕೆ ಅಲ್ವಾ?

ಎರಡನೇ ವಾರದ ಕೊನೆಗೆ ಮೆಲ್ಲಗೆ ಆಟ ಶುರು ಮಾಡಿದೆ. ಮೊದಲು ಹಾಕಿದ್ದು ಟೇಪ್. ಬಣ್ಣಬಣ್ಣದ ಹಿಗ್ಗುವ ಟೇಪ್ ಅಲ್ಲ, ಅದು ಕೀಲನ್ನು ಹಿಡಿದು ನಿಲ್ಲಿಸುವುದಿಲ್ಲ. ನಾನು ತಂದದ್ದು ಒಂದೂವರೆ ಇಂಚಿನ ಹಿಗ್ಗದ ಬಿಳಿ ಟೇಪ್. ಪಾದವನ್ನು ಕಾಲಿಗೆ ನೇರ ಕೋನದಲ್ಲಿ ಇಟ್ಟುಕೊಂಡು, ಗಿಣ್ಣಿನಿಂದ ನಾಲ್ಕು ಬೆರಳು ಮೇಲೆ ಒಂದು ಸುತ್ತು. ಅಲ್ಲಿಂದ ಒಳಬದಿಯಲ್ಲಿ ಇಳಿಸಿ, ಹಿಮ್ಮಡಿಯ ಅಡಿಯಿಂದ ತಂದು ಹೊರಬದಿಗೆ ಬಿಗಿಯಾಗಿ ಮೇಲೆಳೆದರೆ ಒಂದು ಪಟ್ಟಿ. ಅರ್ಧರ್ಧ ಮೇಲೆ ಬರುವಂತೆ ಇಂಥವು ಮೂರು. ಆಮೇಲೆ ಹಿಮ್ಮಡಿ ಅಲುಗದಂತೆ ಎರಡೂ ಕಡೆಯಿಂದ ಸುತ್ತಿ ಲಾಕ್. ಎಳೆಯುವ ದಿಕ್ಕು ತಪ್ಪಿದರೆ ಎಲ್ಲ ಕೆಟ್ಟಿತು: ಹೊರಗಿನಿಂದ ಒಳಕ್ಕೆ ಎಳೆದರೆ ಕಾಲು ಮಗುಚುವ ಕಡೆಗೇ ಸಹಾಯ ಮಾಡಿದಂತೆ. ಬೆರಳು ಜುಮ್ಮೆಂದರೆ ಅಥವಾ ನೀಲಿಯಾದರೆ ತಕ್ಷಣ ಬಿಚ್ಚಬೇಕು.

ಮೊದಲ ಸೆಟ್‌ನಲ್ಲಿ ಟೇಪಿನಂಥ ಆರಾಮ ಬೇರೆ ಇಲ್ಲ. ಶೂ ಸರಿಯಾಗಿ ಕೂರುತ್ತದೆ, ಓಟಕ್ಕೆ ತೊಡಕಿಲ್ಲ. ಮೂರನೇ ಸೆಟ್‌ಗೆ ಬೆವರು ಇಳಿದು, ಹಿಮ್ಮಡಿಯ ಲಾಕ್ ಕೆಳಗೆ ಬೆರಳು ತೂರುವಷ್ಟು ಸಡಿಲವಾಗುತ್ತಿತ್ತು. ಕಾಲು ದಣಿದು ಜೋಲಿ ಹೊಡೆಯುವುದು ಅದೇ ಹೊತ್ತಿಗೆ. ಜೊತೆಗೆ ಎರಡು ಮೂರು ಆಟಕ್ಕೆ ಒಂದು ರೋಲ್ ಖಾಲಿ, ಕಾಲಿನ ಕೂದಲು ಕಿತ್ತು ಬರುವ ಹಿಂಸೆ ಬೇರೆ.

ಬ್ರೇಸ್‌ಗೆ ಬದಲಾದೆ. ಲೇಸ್ ಕಟ್ಟುವ, ಎರಡು ಪಟ್ಟಿಗಳನ್ನು ಎಂಟರಂತೆ ಸುತ್ತುವ ಬಗೆ. ಸುಮ್ನೆ ಏರಿಸುವ ಬಟ್ಟೆಯ ಕಾಲುಚೀಲದಂಥದ್ದು ಬಿಸಿ ಕೊಡುತ್ತದೆ, ಮಗುಚುವುದನ್ನು ತಡೆಯುವುದಿಲ್ಲ. ಲೇಸಿನದನ್ನು ಸಾಕ್ಸ್ ಮೇಲೆ, ಹಿಮ್ಮಡಿಯನ್ನು ಪೂರ್ತಿ ಹಿಂದಕ್ಕೆ ಒತ್ತಿಟ್ಟು ಕಟ್ಟಬೇಕು. ನಾನು ಮೊದಲ ದಿನ ಕಾಲು ಚಾಚಿ ಕಟ್ಟಿ, ಎದ್ದು ನಿಂತಾಗ ಸಡಿಲ ಆಯಿತು. ಶೂ ಒಳಗಿನ ಪ್ಯಾಡ್ ತೆಗೆದರೂ ಸ್ವಲ್ಪ ಬಿಗಿಯೇ. ಆದರೆ ಸೆಟ್ ಮಧ್ಯೆ ಪಟ್ಟಿ ಬಿಗಿ ಮಾಡಿಕೊಳ್ಳಬಹುದು, ಒಂದೇ ಬ್ರೇಸ್ ತಿಂಗಳುಗಟ್ಟಲೆ ಬರುತ್ತದೆ. ಆಟಕ್ಕೆ ಇವೆರಡರಲ್ಲಿ ನನ್ನ ಮತ ಬ್ರೇಸ್‌ಗೇ.

ಇನ್ನು ವ್ಯಾಯಾಮ. ಇದನ್ನು ಆ ಎರಡರ ಜೊತೆಗಿಟ್ಟು ಹೋಲಿಸುವುದೇ ಸ್ವಲ್ಪ ತಪ್ಪು. ದಿನ ಕಳೆದಂತೆ ಕಾಲು ತಾನೇ ಮಾಯುತ್ತಿರುತ್ತದೆ, ಯಾವುದರಿಂದ ಎಷ್ಟು ಅಂತ ಹೇಳುವುದು ಕಷ್ಟ. ಆದರೂ ಒಂದು ಅಳತೆ ಇಟ್ಟುಕೊಂಡಿದ್ದೆ: ಬರಿಗಾಲಲ್ಲಿ, ಕಣ್ಣು ಮುಚ್ಚಿ, ಒಂಟಿಕಾಲಲ್ಲಿ ಎಷ್ಟು ಸೆಕೆಂಡ್ ನಿಲ್ಲುತ್ತೇನೆ? ಎಡಗಾಲಿಗೆ 24. ಬಲಗಾಲಿಗೆ 7. ನೋವು ಹೋಗಿ ವಾರವಾದ ಮೇಲಿನ ಲೆಕ್ಕ ಇದು. ನೋವಿಲ್ಲ ಅಂದರೆ ವಾಸಿಯಾಯಿತು ಅಂದುಕೊಂಡಿದ್ದೆ. ಪಾದ ಮಗುಚಲು ಶುರುವಾದಾಗ ಅದನ್ನು ಗ್ರಹಿಸಿ, ಕೆಳಗಾಲಿನ ಹೊರಬದಿಯ ಸ್ನಾಯು ಹೊರಕ್ಕೆ ಎಳೆಯಬೇಕು. ಆ ಎಳೆತ ತಡವಾಗುತ್ತಿತ್ತು.

ಹಾಗಾಗಿ ಆರು ವಾರ, ವಾರಕ್ಕೆ ಐದು ದಿನ. ರಬ್ಬರ್ ಬ್ಯಾಂಡ್ ಕಟ್ಟಿ ಪಾದವನ್ನು ಹೊರಕ್ಕೆ ತಿರುಗಿಸುವುದು 15ರಂತೆ ಮೂರು ಸಲ, ವಾಪಸ್ ಬರುವಾಗ ನಿಧಾನ. ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು. ಒಂಟಿಕಾಲಲ್ಲಿ ನಿಲ್ಲುವುದು: ಮೊದಲು ನೆಲದ ಮೇಲೆ, ಆಮೇಲೆ ಮಡಚಿದ ಕಂಬಳಿ ಮೇಲೆ, ಕೊನೆಗೆ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಾ. ನಾಲ್ಕನೇ ವಾರದಿಂದ ಒಂಟಿಕಾಲಿನ ಸಣ್ಣ ಜಿಗಿತ, ಮುಂದಕ್ಕೆ, ಆಮೇಲೆ ಪಕ್ಕಕ್ಕೆ. ಮರುದಿನ ಬೆಳಗ್ಗೆ ಬಾವು ಜಾಸ್ತಿಯಾದರೆ ಹಿಂದಿನ ಹಂತಕ್ಕೆ. ಪಕ್ಕದ ಜಿಗಿತ ಶುರು ಮಾಡಿದಾಗ ನನಗೆ ಹಾಗೇ ಆಗಿ, ಮೂರು ದಿನ ಕಂಬಳಿಗೆ ವಾಪಸ್ ಬಂದೆ.

ಆರನೇ ವಾರ ಬಲಗಾಲು 21 ಸೆಕೆಂಡ್ ನಿಂತಿತು. ಹಿಮ್ಮಡಿ ಎತ್ತುವುದು ಒಂದೊಂದು ಕಾಲಲ್ಲೂ 25 ಸಲ. ಈಗ ಕುಂದುವಾಡ ಕೆರೆ ದಂಡೆಯ ಓಟಕ್ಕೆ ಏನೂ ಹಾಕುವುದಿಲ್ಲ. ನೆಟ್ಟಿನ ಹತ್ತಿರ ಆಡುವ ದಿನ ಮಾತ್ರ ಬ್ರೇಸ್, ಅದೂ ಬರುವ ಡಿಸೆಂಬರ್‌ವರೆಗೆ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಮೊದಲ ವರ್ಷದಲ್ಲೇ ಜಾಸ್ತಿ. ಉಳಿದ ಅರ್ಧ ರೋಲ್ ಟೇಪ್ ಕಿಟ್ ಬ್ಯಾಗಿನಲ್ಲಿದೆ, ಬ್ರೇಸಿನ ಲೇಸ್ ಹರಿದ ದಿನಕ್ಕೆ.